ಅರಿ, ಸಿವುಡು, ಮೆದೆ

ಆನೆ ಹಿಂಡು, ಕುರಿ ಮಂದೆ, ಮದುವೆಗೆ ಹೊರಟವರ ದಿಬ್ಬಣ, ಬಾಳೆಗೊನೆ, ಗೊನೆಯೊಳಗಿನ ಚಿಪ್ಪು: ಇಂಥ ಗುಂಪಿನ ಪದಗಳನ್ನು ಪುಣೆಯಲ್ಲಿ ಕೂತು ಬರೆದಿಡುತ್ತಿದ್ದೇನೆ. ಅಪರೂಪದವಕ್ಕೆ ಪಕ್ಕದಲ್ಲೊಂದು ನಕ್ಷತ್ರ. ಹೆಚ್ಚು ನಕ್ಷತ್ರ ಬಿದ್ದದ್ದು ರಾಗಿ ಕೊಯ್ಲಿನ ಪುಟಕ್ಕೆ.

ಹಳೇ ಮೈಸೂರು ಕಡೆಯ ಹೊಲದಲ್ಲಿ ಪೈರು ಒಂದೊಂದು ಹಂತ ದಾಟಿದಂತೆ ಹೆಸರೂ ಬದಲಾಗುತ್ತದೆ. ಕುಡುಗೋಲಲ್ಲಿ ಕೊಯ್ದು ಒಣಗಲು ನೆಲದ ಮೇಲೆ ಸಾಲಾಗಿ ಹಾಕಿದ್ದು ‘ಅರಿ’*. ಅರಿಗಳನ್ನು ಸೇರಿಸಿ ಕಟ್ಟಿದ್ದು ‘ಸಿವುಡು’*. ತಲೆ ಮೇಲೆ ಹೊರುವಷ್ಟಾದರೆ ‘ಹೊರೆ’. ತೆನೆ ಒಳಗೆ, ಬುಡ ಹೊರಗೆ ಬರುವಂತೆ ಒಟ್ಟಿದರೆ ‘ಮೆದೆ’*. ಮಳೆಗೆ ತೆನೆ ನೆನೆಯದು, ಹಕ್ಕಿಗೂ ಸಿಗದು. ಕಣದಲ್ಲಿ ಒಕ್ಕಿದ ಮೇಲೆ ಕಾಳು ‘ರಾಶಿ’ಯಾಗುತ್ತದೆ, ಹುಲ್ಲು ‘ಬಣವೆ’ಯಾಗುತ್ತದೆ.

ತೊಡಕೊಂದಿದೆ. ಕೆಲವೆಡೆ ಒಕ್ಕಿದ ಹುಲ್ಲಿನ ಒಟ್ಟಿಲಿಗೂ ಮೆದೆ ಎನ್ನುತ್ತಾರೆ. ಅದಕ್ಕೇ ಯಾರಾದರೂ ಪದ ಹೇಳಿದರೆ, ‘ಅದರಲ್ಲಿ ತೆನೆ ಇರುತ್ತಾ?’ ಎಂದು ಕೇಳಿ, ಊರಿನ ಹೆಸರಿನ ಜೊತೆ ಬರೆದುಕೊಳ್ಳುತ್ತೇನೆ.

ಕೊಯ್ದು ಒಕ್ಕುವ ಯಂತ್ರ ಇಳಿದ ಹೊಲದಲ್ಲಿ ನಿಂತ ಪೈರು ನೇರ ಕಾಳಾಗಿ ಚೀಲ ಸೇರುತ್ತದೆ. ನಡುವಿನ ಅರಿ, ಸಿವುಡು, ಮೆದೆಗೆ ಅಲ್ಲಿ ಕೆಲಸವಿಲ್ಲ. ಊರಿಗೆ ಫೋನ್ ಮಾಡಿದಾಗ ಹಿರಿಯರನ್ನು ಮೊದಲು ಕೇಳಬೇಕಾದ್ದು ಈ ಮೂರನ್ನೇ.