ಹಳೆಯ ಮ್ಯಾನೇಜರ್‌ಗೆ ಕಳಿಸುವ ಒಂದು ಪುಟ

ಅರ್ಜಿಯಲ್ಲಿ ‘ರೆಫರೆನ್ಸ್’ ಖಾನೆ ಕಂಡ ಕೂಡಲೇ ಹಳೆಯ ಮ್ಯಾನೇಜರ್ ಹೆಸರು, ಫೋನ್ ನಂಬರ್ ತುಂಬಿ ಸುಮ್ಮನಾಗುವವರೇ ಹೆಚ್ಚು. ಒಂದು ದಿನ ಅವರಿಗೆ ಕರೆ ಬರುತ್ತದೆ. ಮೀಟಿಂಗಿನಿಂದ ಎದ್ದು ಬಂದವರು, “ಹಾಂ, ಒಳ್ಳೇ ಹುಡುಗಿ, ಚೆನ್ನಾಗಿ ಕೆಲಸ ಮಾಡ್ತಿದ್ಲು” ಎಂದು ಮುಗಿಸುತ್ತಾರೆ. ಇದರಿಂದ ಕೆಡುಕಿಲ್ಲ, ಉಪಯೋಗವೂ ಇಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನು ಸಾಮಾನ್ಯವಾಗಿ ಎಚ್‌ಆರ್‌ನವರೇ ಹೇಳುತ್ತಾರೆ. ಮ್ಯಾನೇಜರ್‌ನಿಂದ ಕೇಳಬೇಕಾದದ್ದು ಕೆಲಸದ ರೀತಿ.

ಗಾರ್ಮೆಂಟ್ಸ್ ಕಂಪನಿಯೊಂದರ ಅಕೌಂಟ್ಸ್‌ನಲ್ಲಿ ಸಪ್ಲೈಯರ್‌ಗಳ ಬಿಲ್ ನೋಡಿಕೊಳ್ಳುತ್ತಿದ್ದ ಒಬ್ಬಾಕೆ ಎಂದಿಟ್ಟುಕೊಳ್ಳಿ. ಮೊದಲ ಮೆಸೇಜಿನಲ್ಲಿ ಆಕೆ ಒಪ್ಪಿಗೆ ಮಾತ್ರ ಕೇಳಬೇಕು: “ಸರ್, ನಮಸ್ಕಾರ. ಹೊಸ ಕೆಲಸಕ್ಕೆ ಕೊನೆಯ ಹಂತದಲ್ಲಿದ್ದೇನೆ. ನಿಮ್ಮ ಹೆಸರು ಕೊಡಬಹುದಾ? ಕಷ್ಟವಾದರೆ ಖಂಡಿತ ಹೇಳಿ, ಬೇರೆಯವರನ್ನು ಕೇಳುತ್ತೇನೆ.” ಕೊನೆಯ ಮಾತು ಬರೀ ಸೌಜನ್ಯವಲ್ಲ. ಮುಲಾಜಿಗೆ ಒಪ್ಪಿದವರ ದನಿಯಲ್ಲಿನ ಹಿಂಜರಿಕೆ ಫೋನಿನಲ್ಲೂ ಗೊತ್ತಾಗುತ್ತದೆ.

ಒಪ್ಪಿದ ಮೇಲೆ ಒಂದು ಪುಟದ ಮೇಲ್. ತಾರೀಖು, ಹುದ್ದೆಯ ಹೆಸರು ರಿಲೀವಿಂಗ್ ಲೆಟರ್‌ನಲ್ಲಿ ಇದ್ದಂತೆಯೇ ಇರಲಿ. ಅರ್ಜಿಯಲ್ಲಿ ಒಂದು, ಮ್ಯಾನೇಜರ್ ಬಾಯಲ್ಲಿ ಇನ್ನೊಂದು ಬಂದರೆ ಅನುಮಾನ ಶುರುವಾಗುತ್ತದೆ. ಹೊಸ ಹುದ್ದೆಯ ಜಾಹೀರಾತನ್ನೂ ಜೊತೆಗಿಡಿ. ಆಮೇಲೆ ಅವರು ಕಣ್ಣಾರೆ ಕಂಡ ಒಂದೆರಡು ಕೆಲಸ. “ತಿಂಗಳ ಕೊನೆಗೆ ಲೆಕ್ಕ ಸರಿಯಾಗಿ ಮುಗಿಸುತ್ತಿದ್ದೆ” ಎಂದರೆ ಯಾರಿಗೂ ಏನೂ ನೆನಪಾಗದು. “ಕೆಲವು ಸಪ್ಲೈಯರ್‌ಗಳ ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ ಕಾಣದೆ ತೆರಿಗೆ ಕ್ರೆಡಿಟ್ ನಿಂತುಹೋಗಿತ್ತಲ್ಲ ಸರ್, ಆಗ ಒಬ್ಬೊಬ್ಬರದೂ ಪಟ್ಟಿ ಮಾಡಿ, ಫೋನ್ ಮಾಡಿ ರಿಟರ್ನ್ ಹಾಕಿಸಿ, ಪ್ರತಿ ಶುಕ್ರವಾರ ನಿಮಗೆ ತೋರಿಸುತ್ತಿದ್ದೆ” ಎಂದರೆ ಆ ಶುಕ್ರವಾರಗಳೇ ಅವರ ಕಣ್ಣಮುಂದೆ ಬರುತ್ತವೆ. ಹೊಸ ಕಂಪನಿಗೆ ಸಪ್ಲೈಯರ್‌ಗಳ ತಕರಾರು ಬಗೆಹರಿಸುವವರು ಬೇಕಿದ್ದರಂತೂ ಹೇಳಬೇಕಾದದ್ದು ಇದನ್ನೇ.

ಕೊರತೆಯ ಬಗ್ಗೆಯೂ ಪ್ರಶ್ನೆ ಬರಬಹುದು. “ಮೊದಮೊದಲು ಬಾಕಿ ಕೇಳಿ ರೇಗುವ ಸಪ್ಲೈಯರ್ ಜೊತೆ ಮಾತಾಡಲು ಹೆದರುತ್ತಿದ್ದೆ, ನೀವು ಪಕ್ಕದಲ್ಲಿ ಕೂತು ಕಲಿಸಿದಿರಿ” ಎಂದು ಆಕೆಯೇ ಬರೆದರೆ, ಅವರು ತಡಕಾಡಿ ಬೇರೇನನ್ನೋ ಹೇಳುವುದು ತಪ್ಪೀತು. ಕೆಲಸ ಬಿಟ್ಟ ಕಾರಣ ಇಂಟರ್‌ವ್ಯೂನಲ್ಲಿ ಹೇಳಿದ್ದೇ ಆಗಿರಲಿ. ಅದು ಅವರಿಗೆ ಗೊತ್ತಿರುವ ನಿಜವೂ ಆಗಿರಬೇಕು. ಕರೆ ಮಾಡುವ ಏಜೆನ್ಸಿಯ ಹೆಸರು, ಸುಮಾರು ಯಾವ ದಿನ ಎಂಬುದನ್ನು ತಿಳಿಸದಿದ್ದರೆ, ಸಾಲ ಬೇಕಾ ಎನ್ನುವ ಕರೆಯೆಂದು ಅವರು ಕಟ್ ಮಾಡಿಬಿಟ್ಟಾರು.

“ಲೆಟರ್ ನೀನೇ ಬರೆದು ಕಳಿಸಮ್ಮ, ಸೈನ್ ಹಾಕ್ತೀನಿ” ಎನ್ನುವವರೂ ಇದ್ದಾರೆ. ಆಗಲೂ ಘಟನೆಗಳನ್ನಷ್ಟೇ ಬರೆದುಕೊಟ್ಟು ಹೊಗಳಿಕೆಯ ಮಾತನ್ನು ಅವರಿಗೇ ಬಿಡುವುದು ಲೇಸು, ತನ್ನನ್ನು ತಾನೇ ಹೊಗಳಿಕೊಂಡ ಪತ್ರ ಓದುವವರಿಗೆ ಬೇಗ ಸಿಕ್ಕಿಬೀಳುತ್ತದೆ. ಕಂಪನಿಯ ಲೆಟರ್‌ಹೆಡ್ ಬಳಸಲು ಅವರಿಗೆ ಅನುಮತಿ ಇದೆಯೇ ಎಂದು ಕೇಳಿ. ಅವರೂ ಆ ಕಂಪನಿ ಬಿಟ್ಟಿದ್ದರೆ ಅದನ್ನು ಅರ್ಜಿಯಲ್ಲೇ ತಿಳಿಸಿ, ಅವರ ಸ್ವಂತ ಇಮೇಲ್ ನಡೆಯುತ್ತದೆಯೇ ಎಂದು ಹೊಸ ಕಂಪನಿಯನ್ನು ಮೊದಲೇ ವಿಚಾರಿಸಿ. ಆಫೀಸ್ ಇಮೇಲ್ ಐಡಿಯೇ ಬೇಕೆಂದು ಪಟ್ಟು ಹಿಡಿಯುವವರಿದ್ದಾರೆ.