ಚಹಾ ಎಷ್ಟೊತ್ತಿಗೆ, ಕೋಣೆ ಯಾವುದು?

ಮೂರು ದಿನದ ಮಕ್ಕಳ ನಾಟಕ ಕಾರ್ಯಾಗಾರ, ನಲವತ್ತು ಮಂದಿ ಶಿಕ್ಷಕರು. ವೇಳಾಪಟ್ಟಿ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿನ ಮುಂದೆ ಕೂತು ಸಮಯ, ವಿಷಯ, ಕೋಣೆ ಎಂದು ಮೂರು ಅಂಕಣ ಮಾಡಿದೆ. ನಡುವೆ ಸ್ಪೇಸ್ ಒತ್ತಿ ಒತ್ತಿ ಎಲ್ಲವನ್ನೂ ಒಂದರ ಕೆಳಗೊಂದು ನೇರವಾಗಿ ಕೂರಿಸಿ ಕಳುಹಿಸಿದೆ. ಮರುದಿನ ಬೆಳಗ್ಗೆ ಹನ್ನೊಂದು ಮಂದಿ ಮಹಡಿಯ ಕೋಣೆಯಲ್ಲಿ, ಉಳಿದವರು ಕೆಳಗಿನ ಸಭಾಂಗಣದಲ್ಲಿ. ಕಲಿಸಬೇಕಾದವರು ಮೆಟ್ಟಿಲ ಮೇಲೆ ನಿಂತಿದ್ದರು.

ತಪ್ಪು ಎಲ್ಲಾಯಿತು ಎಂದು ಒಬ್ಬರ ಫೋನು ಇಸಿದುಕೊಂಡು ನೋಡಿದೆ. ಕಂಪ್ಯೂಟರಿನಲ್ಲಿ ಚೆಂದವಾಗಿ ನಿಂತಿದ್ದ ಸಾಲು ಫೋನಿನ ಅಗಲಕ್ಕೆ ಸಾಲದೆ ಮುರಿದು, ಕೋಣೆಯ ಹೆಸರು ಕೆಳಗಿನ ಅವಧಿಯ ಪಕ್ಕಕ್ಕೆ ಹೋಗಿ ಕೂತಿತ್ತು. ಕನ್ನಡದ ಅಕ್ಷರಗಳ ಅಗಲ ಒಂದೇ ಅಲ್ಲ. ‘ರ’ ಹಿಡಿಸುವ ಜಾಗದಲ್ಲಿ ‘ಜ್ಞಾ’ ಹಿಡಿಸುವುದಿಲ್ಲ. ಹಾಗಾಗಿ ಸ್ಪೇಸ್ ಹಾಕಿ ಕಟ್ಟಿದ ಅಂಕಣ ಒಂದು ಫೋನಿನಲ್ಲಿ ನಿಂತರೆ ಇನ್ನೊಂದರಲ್ಲಿ ಬೀಳುತ್ತದೆ. ಅಂದಿನಿಂದ ಸಂದೇಶದಲ್ಲಿ ಕೋಷ್ಟಕ ಕಟ್ಟುವುದನ್ನೇ ಬಿಟ್ಟೆ. ಒಂದು ಅವಧಿಗೆ ಒಂದು ಸಾಲು: ಮೊದಲು ಸಮಯ, ಆಮೇಲೆ ವಿಷಯ, ಕೊನೆಗೆ ಜಾಗ. ಈಗ ನಾನು ಬರೆಯುವುದು ಹೀಗೆ:

```
*2ನೇ ದಿನ: ಜನವರಿ 10, ಶನಿವಾರ*

ತನ್ನಿ: ಹಳೆ ಸೀರೆ, ಕತ್ತರಿ, ಸೂಜಿ-ದಾರ

*ಬೆಳಗ್ಗೆ*
*9.30* ದನಿ, ಉಸಿರು: ಕೆಳಗಿನ ಸಭಾಂಗಣ
*11.00* ಚಹಾ: ಹಿಂದಿನ ಜಗುಲಿ
*11.25* ಕಥೆ ಕಟ್ಟುವುದು: ಕೆಳಗಿನ ಸಭಾಂಗಣ

*ಮಧ್ಯಾಹ್ನ*
*1.00* ಊಟ
*2.00* ವೇಷ ಹೊಲಿಯುವುದು: ಮಹಡಿ, ಮೆಟ್ಟಿಲ ಎಡಕ್ಕೆ
*4.30* ಮುಗಿಯಿತು
```

ನಕ್ಷತ್ರ ಚಿಹ್ನೆಗಳ ನಡುವೆ ಇಟ್ಟದ್ದು ಫೋನಿನಲ್ಲಿ ದಪ್ಪ ಅಕ್ಷರವಾಗಿ ಕಾಣುತ್ತದೆ. ದಿನ ಮತ್ತು ಸಮಯ ಮಾತ್ರ ದಪ್ಪವಾಗಿರಲಿ. ಎಲ್ಲವೂ ದಪ್ಪವಾದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಪ್ರತಿ ಅವಧಿಗೂ ‘ಇಷ್ಟರಿಂದ ಇಷ್ಟರವರೆಗೆ’ ಎಂದು ಬರೆಯಬೇಕಿಲ್ಲ, ಕೆಳಗಿನ ಸಾಲಿನ ಸಮಯವೇ ಮೇಲಿನದರ ಮುಕ್ತಾಯ. ದಿನ ಮುಗಿಯುವ ಹೊತ್ತನ್ನು ಮಾತ್ರ ಮರೆಯಬಾರದು, ಊರಿಗೆ ಹೋಗುವ ಕೊನೆಯ ಬಸ್ಸನ್ನು ಹಿಡಿಯಬೇಕಾದವರು ಮೊದಲು ಹುಡುಕುವುದು ಅದನ್ನೇ. ಸತತ ಎರಡು ಅವಧಿ ಒಂದೇ ಕೋಣೆಯಲ್ಲಿದ್ದರೂ ಕೋಣೆಯ ಹೆಸರನ್ನು ಮತ್ತೆ ಬರೆಯುತ್ತೇನೆ. ‘ಮೊದಲ ಮಹಡಿ’ ಎಂಬ ಮಾತನ್ನಂತೂ ಬಿಟ್ಟೇಬಿಟ್ಟೆ. ನೆಲಮಟ್ಟವನ್ನೇ ಮೊದಲನೆಯದು ಎಂದು ಎಣಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ‘ಮೆಟ್ಟಿಲ ಎಡಕ್ಕೆ’ ಎಂದರೆ ಜಗಳವಿಲ್ಲ.

ಚಹಾಕ್ಕೆ 25 ನಿಮಿಷ ಯಾಕೆ ಎಂದು ಸಂಘಟಕರು ಪ್ರತಿ ಸಲವೂ ಕೇಳುತ್ತಾರೆ. ಲೆಕ್ಕ ಸುಲಭ. ಒಂದೇ ಮೇಜು, ಒಂದೇ ಕ್ಯಾನು. ಲೋಟ ಹಿಡಿದು, ನಲ್ಲಿ ತಿರುಗಿಸಿ, ಬಿಸ್ಕತ್ತು ತೆಗೆದುಕೊಂಡು ಸರಿಯಲು ಒಬ್ಬರಿಗೆ 15 ಸೆಕೆಂಡ್ ಎಂದಿಟ್ಟುಕೊಳ್ಳಿ. ನಲವತ್ತು ಜನಕ್ಕೆ ಅದೇ ಹತ್ತು ನಿಮಿಷ. ಹದಿನೈದೇ ನಿಮಿಷದ ಬಿಡುವಾದರೆ ಕೊನೆಯವರಿಗೆ ಉಳಿಯುವುದು ಐದು ನಿಮಿಷ, ಅಷ್ಟರಲ್ಲಿ ಚಹಾ ಆರಬೇಕು, ಶೌಚಾಲಯಕ್ಕೂ ಹೋಗಿ ಬರಬೇಕು. ಕ್ಯಾನು ಎರಡು ಇಟ್ಟರೆ ಬಿಡುವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬಹುದು. ಕಾಗದದ ಮೇಲೆ ಹತ್ತು ನಿಮಿಷ ಉಳಿಸಿದವರು ಮುಂದಿನ ಅವಧಿಯಲ್ಲಿ ಅಷ್ಟನ್ನೇ ಕಳೆದುಕೊಂಡಿರುತ್ತಾರೆ.

ತರಬೇಕಾದ ವಸ್ತುಗಳನ್ನು ನಾನು ಮೊದಲು ಸಂದೇಶದ ಕೊನೆಗೆ ಹಾಕುತ್ತಿದ್ದೆ. ಉದ್ದದ ಸಂದೇಶವನ್ನು ವಾಟ್ಸ್ಆ್ಯಪ್ ಮಡಚಿ ‘ರೀಡ್ ಮೋರ್’ ಎನ್ನುತ್ತದೆ. ಅದನ್ನು ಒತ್ತದವರು ಬರಿಗೈಯಲ್ಲಿ ಬಂದರು. ಈಗ ಆ ಸಾಲು ದಿನಾಂಕದ ಕೆಳಗೇ ಇರುತ್ತದೆ. ಅದರಲ್ಲೂ ಎರಡು ಬಗೆ. ಪೆನ್ನು, ಪುಸ್ತಕ, ಕತ್ತರಿಯನ್ನು ಹಿಂದಿನ ರಾತ್ರಿ ಹೇಳಿದರೂ ನಡೆಯುತ್ತದೆ. ಹಳೆ ಸೀರೆ ಹಾಗಲ್ಲ, ಅತ್ತೆಯನ್ನೋ ಅಕ್ಕನನ್ನೋ ಕೇಳಿ ತರಬೇಕು, ಆದ್ದರಿಂದ ವಾರ ಮೊದಲೇ ಹೇಳಬೇಕು. ಮೂರೂ ದಿನಗಳ ಪೂರ್ತಿ ಪಟ್ಟಿಯನ್ನು ವಾರ ಮೊದಲು ಕಳುಹಿಸಿ ಗುಂಪಿನಲ್ಲಿ ಪಿನ್ ಮಾಡುತ್ತೇನೆ. ಆಮೇಲೆ ದಿನವೂ ರಾತ್ರಿ ಎಂಟಕ್ಕೆ ಮರುದಿನದ ಭಾಗವನ್ನಷ್ಟೇ ಅದರಿಂದಲೇ ನಕಲು ಮಾಡಿ ಹಾಕುತ್ತೇನೆ. ಹೊಸದಾಗಿ ಟೈಪ್ ಮಾಡಲು ಹೋದರೆ ಎಲ್ಲೋ ಒಂದು ಅಂಕಿ ಬದಲಾಗುತ್ತದೆ.

ಇನ್ನು ಕೊನೆಗಳಿಗೆಯಲ್ಲಿ ಕೋಣೆ ಬದಲಾಗುವುದು, ಅದು ಆಗದ ಕಾರ್ಯಾಗಾರವನ್ನು ನಾನು ಕಂಡಿಲ್ಲ. ಕಳುಹಿಸಿ ಹದಿನೈದು ನಿಮಿಷ ಕಳೆದರೆ ವಾಟ್ಸ್ಆ್ಯಪ್ ತಿದ್ದಲು ಬಿಡುವುದಿಲ್ಲ. ಬಿಟ್ಟರೂ ಸದ್ದಿಲ್ಲದೆ ತಿದ್ದಿದ್ದು ಓದಿಯಾದವರ ಕಣ್ಣಿಗೆ ಬೀಳುವುದಿಲ್ಲ. ಅಷ್ಟರಲ್ಲಿ ಯಾರೋ ಅದನ್ನು ತಮ್ಮ ಶಾಲೆಯ ಗುಂಪಿಗೂ ಕಳುಹಿಸಿರುತ್ತಾರೆ. ಇಡೀ ಪಟ್ಟಿಯನ್ನು ಮತ್ತೆ ಹಾಕಿದರೆ ಹಳೆಯದು ಯಾವುದು, ಹೊಸದು ಯಾವುದು ಎಂದು ಮತ್ತೊಂದು ಗೊಂದಲ. ನಾನು ಒಂದೇ ಸಾಲು ಹಾಕುತ್ತೇನೆ: ‘ಬದಲಾವಣೆ, ಶನಿವಾರ ಮಧ್ಯಾಹ್ನ 2.00: ಮಹಡಿಯಲ್ಲಿ ಅಲ್ಲ, ಕೆಳಗಿನ ಸಭಾಂಗಣದಲ್ಲಿ.’ ಅದೇ ಸಾಲನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದು ಮಹಡಿಯ ಬಾಗಿಲಿಗೂ ಅಂಟಿಸುತ್ತೇನೆ, ತಪ್ಪಿ ಬಂದವರು ಬಂದು ನಿಲ್ಲುವುದು ಅಲ್ಲೇ.

ನಿಮ್ಮ ಪಟ್ಟಿಯನ್ನು ಗುಂಪಿಗೆ ಹಾಕುವ ಮೊದಲು ಕಾರ್ಯಾಗಾರದ ಗಂಧಗಾಳಿ ಇಲ್ಲದ ಮನೆಯವರೊಬ್ಬರ ಫೋನಿಗೆ ಕಳುಹಿಸಿ. ಶನಿವಾರ ಮಧ್ಯಾಹ್ನ ಎರಡಕ್ಕೆ ಎಲ್ಲಿರಬೇಕು, ಕೈಯಲ್ಲಿ ಏನಿರಬೇಕು ಎಂದು ಕೇಳಿ. ಅವರು ತಡವರಿಸಿದರೆ ಸಂದೇಶವನ್ನು ಇನ್ನೊಮ್ಮೆ ಬರೆಯಿರಿ.