ಪ್ರೀತಿ ಇಬ್ಬರದು, ರೇಟಿಂಗ್ ಇಡೀ ತಂಡದ್ದು

2013ರ ಮೇ ತಿಂಗಳಲ್ಲಿ ಐಗೇಟ್ ಕಂಪನಿ ತನ್ನ ಸಿಇಒ ಫಣೀಶ್ ಮೂರ್ತಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಬೆಂಗಳೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದ್ದ ಕಂಪನಿ, ಹೀಗಾಗಿ ನಮ್ಮ ಕ್ಯಾಂಟೀನುಗಳಲ್ಲೂ ಅದೇ ಮಾತು. ಕೈಕೆಳಗಿನ ಉದ್ಯೋಗಿಯ ಜತೆ ಸಂಬಂಧವಿತ್ತಂತೆ ಎಂಬುದಷ್ಟೇ ಎಲ್ಲರ ಬಾಯಲ್ಲಿ ಉಳಿಯಿತು. ಕಂಪನಿಯ ಹೇಳಿಕೆಯಲ್ಲಿದ್ದದ್ದು ಇನ್ನೊಂದು ವಿಷಯ. ಆ ಉದ್ಯೋಗಿ ಕಿರುಕುಳದ ಆರೋಪ ಮಾಡಿದ್ದರು, ಮೂರ್ತಿ ಅದನ್ನು ಅಲ್ಲಗಳೆದಿದ್ದರು. ಕಿರುಕುಳ ತಡೆ ನೀತಿಯ ಉಲ್ಲಂಘನೆ ತನಿಖೆಯಲ್ಲಿ ಅಲ್ಲಿಯವರೆಗೆ ಕಂಡುಬಂದಿಲ್ಲ ಎಂದೇ ಕಂಪನಿ ಹೇಳಿತ್ತು. ಕೆಲಸ ಹೋದದ್ದು ಸಂಬಂಧವನ್ನು ಕಂಪನಿಗೆ ತಿಳಿಸಲಿಲ್ಲ ಎಂಬ ಕಾರಣಕ್ಕೆ.

ಇಬ್ಬರು ವಯಸ್ಕರ ಸ್ವಂತ ವಿಷಯವನ್ನು ಕಂಪನಿಗೆ ಯಾಕೆ ಹೇಳಬೇಕು? ಈ ಪ್ರಶ್ನೆಗೆ ‘ಆಫೀಸಿನ ಮರ್ಯಾದೆ’ ಎಂಬ ಉತ್ತರ ಕೊಡುವ ಎಚ್‌ಆರ್‌ಗಳು ಇದ್ದಾರೆ. ಅದು ಪೊಳ್ಳು ಉತ್ತರ. ನಮ್ಮ ಕಾನೂನು ಆಫೀಸಿನ ಪ್ರೇಮವನ್ನು ನಿಷೇಧಿಸಿಲ್ಲ. 2013ರ ಡಿಸೆಂಬರಿನಿಂದ ಜಾರಿಯಲ್ಲಿರುವ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕೇಳುವುದು ಆ ನಡವಳಿಕೆ ಹೆಣ್ಣಿಗೆ ಬೇಡವಾಗಿತ್ತೇ ಎಂದು. ಇಬ್ಬರಿಗೂ ಬೇಕಾಗಿದ್ದರೆ ಆಂತರಿಕ ದೂರು ಸಮಿತಿಗೆ ಅಲ್ಲಿ ಕೆಲಸವಿಲ್ಲ. ಹಾಗಾದರೆ ನೀತಿ ಬರೆಯುವ ಅಗತ್ಯ ಹುಟ್ಟುವುದು ಎಲ್ಲಿ? ಅಪ್ರೈಸಲ್ ಫಾರಂನಲ್ಲಿ.

ಒಂದು ತಂಡವನ್ನು ಊಹಿಸಿಕೊಳ್ಳಿ. ಒಬ್ಬ ಮ್ಯಾನೇಜರ್, ಕೆಳಗೆ ಎಂಟು ಜನ. ಅವರಲ್ಲಿ ಒಬ್ಬಳು ಟೆಸ್ಟಿಂಗ್ ಕೆಲಸದವಳು. ಅವಳೂ ಮ್ಯಾನೇಜರೂ ಜನವರಿಯಿಂದ ಜತೆಯಾಗಿದ್ದಾರೆ. ಮಾರ್ಚಿನಲ್ಲಿ ಅಪ್ರೈಸಲ್. ಮೇಲಿನ ರೇಟಿಂಗ್ ಇಬ್ಬರಿಗೆ ಮಾತ್ರ ಕೊಡಬಹುದು ಎಂದು ಮೇಲಿನಿಂದ ಸೂಚನೆ ಬಂದಿದೆ. ಅವಳು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದ್ದಾಳೆ. ಅವನು ಅವಳಿಗೆ ಮೇಲಿನ ರೇಟಿಂಗ್ ಕೊಟ್ಟರೆ, ವಿಷಯ ಗೊತ್ತಾದ ದಿನ ಉಳಿದ ಏಳು ಜನ ತಮ್ಮ ಇನ್‌ಕ್ರಿಮೆಂಟ್ ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕುತ್ತಾರೆ. ಜನರ ಬಾಯಿಗೆ ಹೆದರಿ ಕೊಡದಿದ್ದರೆ, ದುಡಿದವಳಿಗೆ ಅನ್ಯಾಯ. ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಆ ಕುರ್ಚಿಯಲ್ಲಿ ಕೂತು ಸರಿಯಾದ ರೇಟಿಂಗ್ ಬರೆಯುವ ದಾರಿಯೇ ಅವನಿಗಿಲ್ಲ. ರಜೆ, ಶಿಫ್ಟ್, ಆನ್‌ಸೈಟ್ ಪ್ರಯಾಣ, ಖರ್ಚಿನ ಬಿಲ್ಲು, ಎಲ್ಲಕ್ಕೂ ಇದೇ ಪಾಡು.

ದೊಡ್ಡ ಕುರ್ಚಿಯಲ್ಲಿ ಇದರ ಬೆಲೆ ಎಷ್ಟಾಗಬಹುದು ಎಂಬುದನ್ನು ಮೆಕ್‌ಡೊನಾಲ್ಡ್ಸ್ ತೋರಿಸಿತು. ಅದರ ಸಿಇಒ ಸ್ಟೀವ್ ಈಸ್ಟರ್‌ಬ್ರುಕ್ ಉದ್ಯೋಗಿಯೊಬ್ಬರ ಜತೆಗಿನ ಸಮ್ಮತಿಯ ಸಂಬಂಧಕ್ಕಾಗಿ 2019ರ ನವೆಂಬರಿನಲ್ಲಿ ಹುದ್ದೆ ಕಳೆದುಕೊಂಡರು. ಮರುವರ್ಷ ಕಂಪನಿ ಅವರ ಮೇಲೆ ದಾವೆ ಹೂಡಿತು. ಇನ್ನೂ ಕೆಲವು ಸಂಬಂಧಗಳನ್ನು ಮುಚ್ಚಿಟ್ಟಿದ್ದರು, ಅವರಲ್ಲಿ ಒಬ್ಬರಿಗೆ ಲಕ್ಷಾಂತರ ಡಾಲರ್ ಬೆಲೆಯ ಕಂಪನಿ ಷೇರು ಮಂಜೂರು ಮಾಡಿದ್ದರು ಎಂಬುದು ಆರೋಪ. 2021ರ ಕೊನೆಗೆ ಈಸ್ಟರ್‌ಬ್ರುಕ್ 10.5 ಕೋಟಿ ಡಾಲರ್ ಮೌಲ್ಯದ ಹಣ ಮತ್ತು ಷೇರು ವಾಪಸ್ ಕೊಟ್ಟು ರಾಜಿಯಾದರು.

ಮೇಲಿನವರು ಕೇಳಿದಾಗ ‘ಹೂಂ’ ಅನ್ನುವುದಕ್ಕೂ ಸಮಾನರು ಕೇಳಿದಾಗ ‘ಹೂಂ’ ಅನ್ನುವುದಕ್ಕೂ ಇರುವ ಅಂತರವೂ ಇಲ್ಲೇ ಸೇರಿಕೊಳ್ಳುತ್ತದೆ. ಪ್ರೊಬೇಷನ್ ಮುಗಿಸುವ ಸಹಿ ಯಾರ ಕೈಯಲ್ಲಿದೆಯೋ ಅವರು ಕಾಫಿಗೆ ಕರೆದರೆ ಒಲ್ಲೆ ಎನ್ನುವುದು ಸುಲಭವಲ್ಲ. ಆದ್ದರಿಂದಲೇ ಒಳ್ಳೆಯ ನೀತಿಗಳು ತಿಳಿಸುವ ಹೊಣೆಯನ್ನು ಮೊದಲು ಹಿರಿಯ ಹುದ್ದೆಯವರ ಮೇಲೆ ಹೊರಿಸುತ್ತವೆ. ಕಿರಿಯರು ಹೇಳಲಿಲ್ಲವೆಂದು ಇಬ್ಬರಿಗೂ ಒಂದೇ ಶಿಕ್ಷೆ ಕೊಡುವ ನಿಯಮ ಕಾಗದದ ಮೇಲೆ ಸಮಾನವಾಗಿ ಕಾಣಬಹುದು, ನ್ಯಾಯವಲ್ಲ.

ನಮ್ಮ ಮ್ಯಾನೇಜರ್ ಏನು ಮಾಡಬೇಕು? ಮೊದಲು ಅವಳ ಜತೆ ಮಾತಾಡಿ, ಹೇಳುತ್ತೇನೆ ಎಂದು ತಿಳಿಸಬೇಕು. ಆಮೇಲೆ ಅಪ್ರೈಸಲ್ ಶುರುವಾಗುವ ಮೊದಲೇ ಎಚ್‌ಆರ್‌ನ ಒಬ್ಬ ನಿರ್ದಿಷ್ಟ ಅಧಿಕಾರಿಗೆ ಮಾತ್ರ ಒಂದು ಪತ್ರ, ಬೇರೆ ಯಾರಿಗೂ ಪ್ರತಿ ಇಲ್ಲ: “ನನಗೆ ವರದಿ ಮಾಡುವ ಒಬ್ಬರೊಂದಿಗೆ ನನಗೆ ವೈಯಕ್ತಿಕ ಸಂಬಂಧವಿದೆ. ಅವರ ಮೌಲ್ಯಮಾಪನ, ಇನ್‌ಕ್ರಿಮೆಂಟ್, ರಜೆ ಮಂಜೂರಾತಿಯಿಂದ ಇಂದಿನಿಂದಲೇ ನನ್ನನ್ನು ಬಿಡಿಸಿ. ಹೆಸರನ್ನು ಮುಖಾಮುಖಿ ತಿಳಿಸುತ್ತೇನೆ.” ಇಷ್ಟು ಸಾಕು. ಯಾವಾಗ ಶುರುವಾಯಿತು, ಮದುವೆಯಾಗುತ್ತೀರಾ, ಮನೆಯವರು ಒಪ್ಪಿದ್ದಾರಾ ಎಂದು ಎಚ್‌ಆರ್ ಕೇಳಿದರೆ ಅದು ಕುತೂಹಲವೇ ಹೊರತು ಆಡಳಿತವಲ್ಲ. ಶುರುವಾದ ತಿಂಗಳೊಂದನ್ನು ಮಾತ್ರ ಕೇಳಬಹುದು, ಆ ಅವಧಿಯಲ್ಲಿ ಅವನು ಮಾಡಿದ ಮಂಜೂರಾತಿಗಳನ್ನು ಇನ್ನೊಬ್ಬರಿಂದ ಪರಿಶೀಲಿಸಲು.

ಇನ್ನು ಯಾರು ತಂಡ ಬಿಡಬೇಕು? ಬಹಳ ಕಡೆ ಆಗುವುದು ಒಂದೇ: ಮ್ಯಾನೇಜರ್ ಪ್ರಾಜೆಕ್ಟಿಗೆ ಬೇಕಾದವನು, ಹುಡುಗಿಯನ್ನು ಬೇರೆ ಕಡೆ ಹಾಕೋಣ. ಅಲ್ಲಿ ಅವಳಿಗೆ ಪರಿಚಯವಿಲ್ಲದ ಕೆಲಸ, ವರ್ಷದ ಮಧ್ಯೆ ಹೊಸ ಮ್ಯಾನೇಜರ್, ಕೊನೆಗೆ ಸಾಧಾರಣ ರೇಟಿಂಗ್. ಸಂಬಂಧ ಇಬ್ಬರದಾದರೂ ದಂಡ ಒಬ್ಬಳದು. ಸಂಬಳ, ದರ್ಜೆ ಕಡಿಮೆಯಾಗದ ಆಯ್ಕೆಗಳನ್ನು ಅವಳ ಮುಂದಿಟ್ಟು ಕೇಳುವುದು, ಅವಳು ಒಲ್ಲೆ ಎಂದರೆ ಅವನನ್ನೇ ಸರಿಸುವುದು ಸರಿಯಾದ ಕ್ರಮ. ಎರಡೂ ಆಗದಿದ್ದರೆ ಕನಿಷ್ಠ ಅವಳ ವರದಿ ಅವನ ಮೇಲಧಿಕಾರಿಗೆ ಹೋಗಬೇಕು. ಅವನ ಗೆಳೆಯನಾದ ಪಕ್ಕದ ತಂಡದ ಮ್ಯಾನೇಜರಿಗೆ ಕೊಟ್ಟು ಕೈತೊಳೆದುಕೊಂಡರೆ ಏನೂ ಬದಲಾಗಿಲ್ಲವೆಂದೇ ಅರ್ಥ.

ಅಮೆರಿಕದ ಕಂಪನಿಗಳ ನೀತಿಯನ್ನು ಹಾಗೇ ನಕಲು ಮಾಡುವವರು ಮರೆಯುವ ಒಂದು ಸಂಗತಿ ಇದೆ. ನಮ್ಮಲ್ಲಿ ಆಫೀಸಿನಲ್ಲಿ ಹೇಳಿದ್ದು ಊರಿಗೆ ತಲುಪಿದರೆ ಅಪಾಯವಾದೀತು. ಬೇರೆ ಜಾತಿ, ಬೇರೆ ಧರ್ಮ, ಇಲ್ಲವೇ ಇಬ್ಬರೂ ಹೆಂಗಸರು, ಇಬ್ಬರೂ ಗಂಡಸರು. ಉದ್ಯೋಗಿಯ ಫೈಲಿನಲ್ಲಿ ತುರ್ತು ಸಂಪರ್ಕದ ಜಾಗದಲ್ಲಿ ಹೆಚ್ಚಾಗಿ ಇರುವುದು ಅಪ್ಪನ ಮೊಬೈಲ್ ನಂಬರ್. ‘ನಿಮ್ಮ ಮಗಳ ಒಳ್ಳೆಯದಕ್ಕೇ ಹೇಳ್ತಿದ್ದೀನಿ ಸಾರ್’ ಎಂದು ಶುರುವಾಗುವ ಒಂದು ಫೋನ್ ಕರೆ ಅವಳ ಕೆಲಸವನ್ನೇ ಬಿಡಿಸೀತು. ನೀತಿಯಲ್ಲಿ ಎರಡು ಸಾಲು ಸ್ಪಷ್ಟವಾಗಿರಬೇಕು: ವರದಿಯ ಸರಪಳಿಯಲ್ಲಿ ಇಲ್ಲದ ಇಬ್ಬರು ಏನನ್ನೂ ತಿಳಿಸಬೇಕಾಗಿಲ್ಲ, ತಿಳಿಸಿದ್ದನ್ನು ಮನೆಯವರಿಗೆ ದಾಟಿಸಿದವರ ಮೇಲೆ ಕ್ರಮ. ಮೊದಲನೆಯ ಸಾಲಿಗೆ ಒಂದು ಅಪವಾದ ಉಂಟು. ಬಿಲ್ಲು ಪಾಸು ಮಾಡುವ ಅಕೌಂಟ್ಸ್‌ನವರು, ಆಡಿಟರ್, ಎಚ್‌ಆರ್‌ನವರೇ ಆದರೆ, ಸರಪಳಿಯ ಹೊರಗಿದ್ದರೂ ಅವರ ಕೈಯಲ್ಲಿ ಇನ್ನೊಬ್ಬರ ಕಡತವಿರುತ್ತದೆ.

ಸಹೋದ್ಯೋಗಿಗಳಿಗೆ ಸಂಶಯ ಬಂದರೆ? ಲಿಫ್ಟಿನಲ್ಲಿ ಇಬ್ಬರನ್ನು ನೋಡಿದೆ ಎಂಬುದು ದೂರಾಗದು. ‘ಮೂರು ಸಲವೂ ಆನ್‌ಸೈಟ್ ಅವರಿಗೇ ಹೋಯಿತು, ಆಯ್ಕೆಯ ಮಾನದಂಡ ಏನು’ ಎಂದು ಬರಹದಲ್ಲಿ ಕೇಳಿದರೆ ಅದು ಪ್ರಶ್ನೆ, ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಯಾರ ಖಾಸಗಿ ವಿಷಯಕ್ಕೂ ಕೈಹಾಕಬೇಕಾಗಿಲ್ಲ.

ಸಂಬಂಧ ಮುರಿದಾಗಲೂ ಎಚ್‌ಆರ್‌ಗೆ ಒಂದು ಸಾಲು ಹೋಗಬೇಕು, ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಮುರಿಯಿತಲ್ಲ ಎಂದು ಹಳೆಯ ತಂಡಕ್ಕೇ, ಹಳೆಯ ಮ್ಯಾನೇಜರ್ ಕೆಳಗೇ ಅವಳನ್ನು ಮರಳಿ ಹಾಕುವುದು ದೊಡ್ಡ ತಪ್ಪು; ಸೇಡಿನ ರೇಟಿಂಗ್ ಬರುವುದು ಆಗಲೇ. ಒಲ್ಲೆ ಎಂದ ಮೇಲೂ ಅವನು ಮೆಸೇಜ್ ಕಳಿಸುತ್ತಿದ್ದರೆ ಒಂದು ಕಾಲದ ಒಪ್ಪಿಗೆ ಅವನನ್ನು ಕಾಪಾಡದು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಅವಳು ಆಂತರಿಕ ಸಮಿತಿಗೆ ಬರಹದಲ್ಲಿ ದೂರು ಕೊಡಬಹುದು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ತನಿಖೆ ನಡೆಯುವಾಗ ಅವನು ಅವಳ ಕೆಲಸದ ವರದಿ ಬರೆಯದಂತೆ ತಡೆಯಿರಿ ಎಂದು ಕೇಳಲೂ ನಿಯಮದಲ್ಲಿ ಅವಕಾಶವಿದೆ. ಹತ್ತು ಜನರಿಗಿಂತ ಕಡಿಮೆ ಇರುವ ಅಂಗಡಿ, ಕ್ಲಿನಿಕ್, ಸ್ಟಾರ್ಟಪ್‌ಗಳಲ್ಲಿ ಇಂಥ ಸಮಿತಿ ಇರುವುದಿಲ್ಲ, ಎಚ್‌ಆರ್ ಕೂಡ ಇರುವುದು ಅಪರೂಪ. ಅಲ್ಲಿನವರೂ, ಮಾಲೀಕರ ಮೇಲೆಯೇ ದೂರಿರುವವರೂ ಹೋಗಬೇಕಾದದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ.